ಕೈ ಬೀಳುವ ಮೊದಲೇ ಕೇಳುವ ಮೃದಂಗ

ದೆಹಲಿಯ ಆರ್.ಕೆ. ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘ 2023ರಲ್ಲಿ ಅಮೃತ ಮಹೋತ್ಸವ ಆಚರಿಸಿತು. ಆದರೆ ನೊಯ್ಡಾ, ಗುರುಗ್ರಾಮ, ಫರೀದಾಬಾದಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಸಂಜೆಯ ಟ್ರಾಫಿಕ್ ದಾಟಿ ಅಲ್ಲಿಗೆ ಬಂದು ಕಛೇರಿ ಕೇಳುವುದು ಸುಲಭದ ಮಾತಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಲ್ಲ ಕಡೆ ಸಭಾಂಗಣಗಳು ಬಾಗಿಲು ಹಾಕಿದಾಗ ರೂಢಿಯಾದ ನೇರಪ್ರಸಾರ ಇಂಥ ಹರಡಿಕೊಂಡ ಊರಿಗೆ ಹೇಳಿ ಮಾಡಿಸಿದ್ದು.

ಅದಕ್ಕೆ ಬಹಳ ಜನ ಬಳಸುವ ಒಬಿಎಸ್ ಎಂಬ ಉಚಿತ ತಂತ್ರಾಂಶ ಹುಟ್ಟಿದ್ದು ಬೇರೆಯೇ ಕೆಲಸಕ್ಕೆ. 2012ರಲ್ಲಿ ಹ್ಯೂ ಬೇಲಿ ಅದನ್ನು ಬರೆದದ್ದು ಕಂಪ್ಯೂಟರ್ ಆಟಗಳನ್ನು ಪ್ರಸಾರ ಮಾಡಲು. ಆಟದ ಚಿತ್ರವೂ ಸದ್ದೂ ಒಂದೇ ಯಂತ್ರದೊಳಗೆ ಹುಟ್ಟುತ್ತವೆ, ಜೊತೆಯಲ್ಲೇ ಹೊರಡುತ್ತವೆ. ಕಛೇರಿಯಲ್ಲಿ ಹಾಗಲ್ಲ. ಸೌಂಡ್ ಮಿಕ್ಸರಿನಿಂದ ಬರುವ ಧ್ವನಿ ತಂತಿಯಲ್ಲಿ ಹೆಚ್ಚುಕಡಿಮೆ ಆ ಕ್ಷಣವೇ ತಲುಪುತ್ತದೆ. ಚಿತ್ರ ಮಾತ್ರ ಕ್ಯಾಮೆರಾದೊಳಗೆ ಒಂದಷ್ಟು ಹೊತ್ತು, ಕ್ಯಾಪ್ಚರ್ ಕಾರ್ಡಿನಲ್ಲಿ ಇನ್ನಷ್ಟು ಹೊತ್ತು ತಡೆದು ಬರುತ್ತದೆ. ಟಿ.ವಿ. ಸ್ಟುಡಿಯೋಗಳಲ್ಲಿ ಎಲ್ಲ ಕ್ಯಾಮೆರಾಗಳೂ ಒಂದೇ ಮಿಡಿತಕ್ಕೆ ಕಟ್ಟುಬಿದ್ದಿರುತ್ತವೆ. ನಮ್ಮ ಕ್ಯಾಮೆರಾಗಳಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಒಂದೊಂದರ ತಡವೂ ಬೇರೆ ಬೇರೆ.

ಇದು ಕಣ್ಣಿಗೆ ಚುಚ್ಚುವುದು ಗಾಯಕರ ತುಟಿಗಿಂತ ಮೊದಲು ಮೃದಂಗದಲ್ಲಿ. ಕೈ ಇನ್ನೂ ಗಾಳಿಯಲ್ಲಿರುವಾಗಲೇ ಪೆಟ್ಟು ಕೇಳಿಸುತ್ತದೆ. ಮಿಂಚಿನ ಹಿಂದೆ ಗುಡುಗು ಬರುವುದು ನಮಗೆ ಅಭ್ಯಾಸ. ಗುಡುಗಿನ ಹಿಂದೆ ಮಿಂಚು ಬಂದದ್ದನ್ನು ಯಾರೂ ಕಂಡಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸೂ ಇದನ್ನೇ ಹೇಳುತ್ತದೆ: ಧ್ವನಿ ತಡವಾದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ನೋಡುಗರಿಗೆ ಗೊತ್ತಾಗುವುದಿಲ್ಲ, ಮುಂದೆ ಬಂದರೆ 45ಕ್ಕೇ ಗೊತ್ತಾಗುತ್ತದೆ.

ಚಿತ್ರವನ್ನು ಬೇಗ ತರಲಾಗದು. ಉಳಿದಿರುವ ದಾರಿ ಧ್ವನಿಯನ್ನು ಕಾಯಿಸುವುದು. ಎಷ್ಟು ಎಂಬುದನ್ನು ಅಳೆದೇ ತಿಳಿಯಬೇಕು. ಮೊದಲು ಎಲ್ಲ ಕ್ಯಾಮೆರಾಗಳನ್ನೂ ಒಬಿಎಸ್ಸನ್ನೂ ಸೆಕೆಂಡಿಗೆ 25 ಫ್ರೇಮಿಗೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. 1/50ರ ಷಟರ್ ಜೊತೆಗೆ ಈ ವೇಗದಲ್ಲಿ ದೀಪಗಳು ಮಿನುಗುವುದಿಲ್ಲ. ಲೆಕ್ಕಕ್ಕೂ ಅನುಕೂಲ, ಒಂದು ಫ್ರೇಮ್ ಅಂದರೆ ಸರಿಯಾಗಿ 40 ಮಿಲಿಸೆಕೆಂಡು. ವೇದಿಕೆಯ ಮೈಕಿನ ಮುಂದೆ ಒಬ್ಬರು ಚಪ್ಪಾಳೆ ತಟ್ಟಲಿ. ಪ್ರತಿ ಕ್ಯಾಮೆರಾಕ್ಕೂ ಒಮ್ಮೆ ಹೀಗೆ ರೆಕಾರ್ಡ್ ಮಾಡಿ, ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ಧ್ವನಿಯ ಅಲೆ ಚಿಮ್ಮಿದ ಜಾಗದಿಂದ ಅಂಗೈಗಳು ಕೂಡುವ ಫ್ರೇಮಿನವರೆಗೆ ಎಣಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಅಂದಾಜಿಸುವುದು ಬೇಡ. ಅದೇ ತನ್ನದೊಂದು ತಡ ಸೇರಿಸುತ್ತದೆ.

ಗಾಯಕರ ಮೇಲಿಟ್ಟ ಎಚ್‌ಡಿಎಂಐ ಕ್ಯಾಮೆರಾ 4 ಫ್ರೇಮ್, ಅಂದರೆ 160 ಮಿಲಿಸೆಕೆಂಡು ಹಿಂದಿದೆ ಎಂದುಕೊಳ್ಳಿ. ಮೃದಂಗದ ಕಡೆಗಿರುವ ಯುಎಸ್‌ಬಿ ವೆಬ್‌ಕ್ಯಾಮ್ 3 ಫ್ರೇಮ್, ಅಂದರೆ 120. ಎಲ್ಲರೂ ಹೆಚ್ಚು ತಡವಾದವರಿಗಾಗಿ ಕಾಯಬೇಕು. ವೆಬ್‌ಕ್ಯಾಮ್ ಮೂಲದ Filters ತೆರೆದು `Video Delay (Async)` ಸೇರಿಸಿ 40 ಕೊಡಿ. ಮಿಕ್ಸರಿನ ಧ್ವನಿಗೆ `Advanced Audio Properties` ಕಿಟಕಿಯ `Sync Offset` ಜಾಗದಲ್ಲಿ 160 ಬರೆಯಿರಿ. ಧನ ಸಂಖ್ಯೆ ಧ್ವನಿಯನ್ನು ತಡಮಾಡುತ್ತದೆ. ಕ್ಯಾಮೆರಾಗಳ ಸ್ವಂತ ಮೈಕುಗಳನ್ನೆಲ್ಲ ಮ್ಯೂಟ್ ಮಾಡಿ, ಇಲ್ಲದಿದ್ದರೆ ಅದೇ ಧ್ವನಿ ಎರಡೆರಡು ಸಲ ಕೇಳುತ್ತದೆ.

ಮೂರನೆಯದಾಗಿ ವೈಫೈ ಮೂಲಕ ಮೊಬೈಲ್ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರ ತಡ ಒಮ್ಮೆ 8 ಫ್ರೇಮಾದರೆ, ಸಭಾಂಗಣ ತುಂಬಿ ಎಲ್ಲರ ಫೋನೂ ಗಾಳಿಯಲ್ಲಿದ್ದಾಗ ಇನ್ನೆಷ್ಟೋ. ಸ್ಥಿರವಲ್ಲದ ತಡಕ್ಕೆ ಸ್ಥಿರ ಸಂಖ್ಯೆ ಮದ್ದಾಗದು. ಅದನ್ನು ಹಿಂದಿನ ಸಾಲಿನಿಂದ ಇಡೀ ಸಭೆ ತೋರಿಸಲು ಮಾತ್ರ ಇಟ್ಟುಕೊಳ್ಳುವುದು ಜಾಣತನ. ಅಷ್ಟು ದೂರದಲ್ಲಿ ತುಟಿಯಾಗಲಿ ಬೆರಳಾಗಲಿ ಕಾಣುವುದಿಲ್ಲ.

ಚಪ್ಪಾಳೆಯ ಸದ್ದಿಗೆಂದು ಸಭಿಕರ ನಡುವೆ ಇನ್ನೊಂದು ಮೈಕ್ ಇಡುವುದು ನನಗೆ ಇಷ್ಟ. ಕೇವಲ ಮಿಕ್ಸರಿನ ಧ್ವನಿ ತೀರಾ ಒಣಗಿದಂತಿರುತ್ತದೆ. ಆದರೆ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುವುದರಿಂದ 17 ಮೀಟರ್ ದೂರದ ಮೈಕಿಗೆ ವೇದಿಕೆಯ ಹಾಡು 50 ಮಿಲಿಸೆಕೆಂಡು ತಡವಾಗಿಯೇ ತಲುಪಿರುತ್ತದೆ. ಹಾಗಾಗಿ ಅದಕ್ಕೆ 160 ಅಲ್ಲ, 110 ಸಾಕು.

ಇಷ್ಟೆಲ್ಲ ಮಾಡಿಯೂ, ವರ್ಣದ ಹೊತ್ತಿಗೆ ಕೂಡಿದ್ದ ಧ್ವನಿ ಮಂಗಳದ ಹೊತ್ತಿಗೆ ಜಾರಿರುವುದುಂಟು. ಅದು ಬೇರೆ ಕಾಯಿಲೆ. ಧ್ವನಿ ಉಪಕರಣದ ಗಡಿಯಾರ, ಕಂಪ್ಯೂಟರಿನ ಗಡಿಯಾರ ಒಂದೇ ವೇಗದಲ್ಲಿ ಓಡುತ್ತಿಲ್ಲ ಎಂದರ್ಥ. ಪತ್ತೆಹಚ್ಚಲು ಹಿಂದಿನ ದಿನ ಒಂದು ಗಂಟೆ ರೆಕಾರ್ಡ್ ಮಾಡಿ, ಮೊದಲಲ್ಲೂ ಕೊನೆಯಲ್ಲೂ ಚಪ್ಪಾಳೆ ತಟ್ಟಿಸಿ. ಎರಡೂ ಕಡೆ ಫ್ರೇಮ್ ಲೆಕ್ಕ ಒಂದೇ ಬಂದರೆ `Sync Offset` ಸಾಕು. ಬೇರೆ ಬಂದರೆ ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿನಲ್ಲೂ ಒಬಿಎಸ್ಸಿನಲ್ಲೂ 48 ಕಿಲೋಹರ್ಟ್ಸ್ ಇದೆಯೇ ನೋಡಿ. ಆಮೇಲೆ ಆ ಧ್ವನಿ ಮೂಲದ `Use Device Timestamps` ಆಯ್ಕೆಯನ್ನು ಬದಲಿಸಿ ಮತ್ತೊಂದು ಗಂಟೆ ಓಡಿಸಿ. ಆಗಲೂ ಜಾರಿದರೆ ಧ್ವನಿ ಉಪಕರಣವನ್ನು ಬಿಟ್ಟು, ಮಿಕ್ಸರಿನ ತಂತಿಯನ್ನು ನೇರವಾಗಿ ಮುಖ್ಯ ಕ್ಯಾಮೆರಾದ ಮೈಕ್ ಜಾಗಕ್ಕೆ ಕೊಡಿ. ಆಗ ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್ಲಿನಲ್ಲಿ, ಒಂದೇ ಗಡಿಯಾರದಡಿ ಬರುತ್ತವೆ. ಆ ಕ್ಯಾಮೆರಾದ ಧ್ವನಿಯೊಂದನ್ನು ಮಾತ್ರ ಮ್ಯೂಟಿನಿಂದ ತೆಗೆದು, ಚಪ್ಪಾಳೆಯ ಲೆಕ್ಕವನ್ನು ಹೊಸದಾಗಿ ಮಾಡಬೇಕು.