ಮೀಟರ್ ಹೇಳಿದ್ದು 180, ಬಲ್ಬ್ ಹೇಳಿದ್ದು 230

ಪುಣೆಯ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆಯವರು ಹುಬ್ಬಳ್ಳಿಯ ಕಾಕಾ. ಕಳೆದ ಬೇಸಿಗೆಯಲ್ಲಿ ಅಗ್ಗದ ಇನ್ವರ್ಟರ್ ಒಂದನ್ನು ತಂದಿದ್ದರು. ಒಂದು ಸಂಜೆ ಮಲ್ಟಿಮೀಟರ್ ಹಿಡಿದು ನಮ್ಮ ಬಾಗಿಲಿಗೇ ಬಂದರು. "ನೋಡಪಾ, ಲೈನ್‌ದಾಗ 230 ತೋರಸ್ತೈತಿ, ಇನ್ವರ್ಟರ್‌ದಾಗ ಬರೇ 180. ಅಂಗಡ್ಯಾಂವ ಟೋಪಿ ಹಾಕ್ಯಾನ."

ಕೆಳಗೆ ಹೋಗಿ ಅವರ ದೇವರಕೋಣೆಯ ಹಳೆಯ ನೂರು ವ್ಯಾಟ್ ಬಲ್ಬನ್ನು ಒಮ್ಮೆ ಲೈನಿಗೆ, ಒಮ್ಮೆ ಇನ್ವರ್ಟರಿಗೆ ಹಾಕಿ ನೋಡಿದೆ. ಬೆಳಕಿನಲ್ಲಿ ವ್ಯತ್ಯಾಸವೇ ಇಲ್ಲ. ನಿಜಕ್ಕೂ 180 ವೋಲ್ಟ್ ಬರುತ್ತಿದ್ದರೆ ಬಲ್ಬ್ ಕಣ್ಣಿಗೆ ಕಾಣುವಷ್ಟು ಮಂಕಾಗಬೇಕಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ಇನ್ವರ್ಟರ್ ಅಲ್ಲ, ಮೀಟರ್.

ನಮ್ಮ ಮನೆಗೆ ಬರುವ ಕರೆಂಟು ಒಂದೇ ವೋಲ್ಟೇಜಿನಲ್ಲಿ ನಿಂತಿರುವುದಿಲ್ಲ. ಸೊನ್ನೆಯಿಂದ ಏರಿ ಸುಮಾರು 325 ವೋಲ್ಟ್ ಮುಟ್ಟುತ್ತದೆ, ಇಳಿಯುತ್ತದೆ, ಅತ್ತ ಕಡೆಗೂ ಅಷ್ಟೇ ಹೋಗಿ ಮರಳುತ್ತದೆ. ಸೆಕೆಂಡಿಗೆ ಇಂಥ 50 ಸುತ್ತು. ಹಾಗಿದ್ದರೆ ಬಲ್ಬಿನ ಮೇಲೆ, ಗೀಸರಿನ ಮೇಲೆ ಬರೆದಿರುವ 230 ಎಲ್ಲಿಂದ ಬಂತು?

ಬಲ್ಬಿನ ತಂತಿಯನ್ನೇ ಕೇಳೋಣ. ಉರಿಯುತ್ತಿರುವಾಗ ಅದರ ರೋಧ ಸುಮಾರು 529 ಓಮ್. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. 325ರ ತುದಿಯಲ್ಲಿ ಅದು 200 ವ್ಯಾಟ್, ಸೊನ್ನೆಯಲ್ಲಿ ಸೊನ್ನೆ. ಅಂದರೆ ನೂರು ವ್ಯಾಟಿನ ಬಲ್ಬ್ ನಿಜವಾಗಿ ಸೊನ್ನೆಗೂ ಇನ್ನೂರಕ್ಕೂ ನಡುವೆ ಸೆಕೆಂಡಿಗೆ ನೂರು ಸಲ ಏರಿಳಿಯುತ್ತಿದೆ. ತಂತಿ ಅಷ್ಟು ಬೇಗ ತಣ್ಣಗಾಗದ ಕಾರಣ ನಮಗೆ ಅದು ಒಂದೇ ಸಮ ಕಾಣುತ್ತದೆ. ಈ ಏರಿಳಿತ ಮೇಲೂ ಕೆಳಗೂ ಒಂದೇ ಅಚ್ಚಿನದು, ಆದ್ದರಿಂದ ಸರಾಸರಿ ಸರಿಯಾಗಿ ಅರ್ಧ: 100 ವ್ಯಾಟ್. ತುದಿ ಇರುವುದು ಒಂದು ಕ್ಷಣ ಮಾತ್ರ, ಬಿಸಿ ಕೂಡುವುದು ಇಡೀ ಸುತ್ತಿನಲ್ಲಿ.

ಹಾಗಾದರೆ ವೋಲ್ಟೇಜಿನ ಸರಾಸರಿಯನ್ನೇ ತೆಗೆದುಕೊಂಡರೆ ಆಗದೇ? ಕಾಕಾ ಕೇಳಿದ ಪ್ರಶ್ನೆಯೂ ಅದೇ. ಆಗದು. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗುತ್ತದೆ, ಬಿಸಿ ನಾಲ್ಕು ಪಟ್ಟು. 100 ಓಮ್‌ನ ಹೀಟರಿಗೆ ಅರ್ಧ ಹೊತ್ತು 100 ವೋಲ್ಟ್, ಅರ್ಧ ಹೊತ್ತು 300 ವೋಲ್ಟ್ ಕೊಟ್ಟೆವೆನ್ನಿ. ಒಮ್ಮೆ 100 ವ್ಯಾಟ್, ಒಮ್ಮೆ 900 ವ್ಯಾಟ್, ಸರಾಸರಿ 500. ಆದರೆ ಸರಾಸರಿ ವೋಲ್ಟೇಜಾದ 200ನ್ನು ಒಂದೇ ಸಮ ಕೊಟ್ಟರೆ ಸಿಗುವುದು 400 ಮಾತ್ರ. ಹೆಚ್ಚಿನ ವೋಲ್ಟೇಜಿನ ಗಳಿಗೆಗಳಿಗೆ ಲೆಕ್ಕದಲ್ಲಿ ಹೆಚ್ಚು ತೂಕ. ಅದಕ್ಕೇ ಮೊದಲು ಪ್ರತಿ ಗಳಿಗೆಯ ವೋಲ್ಟೇಜಿನ ವರ್ಗ, ಆಮೇಲೆ ಅವುಗಳ ಸರಾಸರಿ, ಕೊನೆಗೆ ವರ್ಗಮೂಲ. ಇದೇ ಆರ್‌ಎಂಎಸ್. ಬ್ಯಾಟರಿಯ ಹಾಗೆ ಒಂದೇ ಸಮನಾದ ಎಷ್ಟು ವೋಲ್ಟ್ ಕೊಟ್ಟರೆ ಇಷ್ಟೇ ಬಿಸಿ ಬರುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ. ನಮ್ಮ ಲೈನಿನ ಅಲೆಗೆ 325ನ್ನು ಎರಡರ ವರ್ಗಮೂಲದಿಂದ, ಅಂದರೆ 1.414ರಿಂದ ಭಾಗಿಸಿದರೆ 230.

ಈಗ ಕಾಕಾರ ಇನ್ವರ್ಟರಿಗೆ ಬರೋಣ. ಅಗ್ಗದ ಇನ್ವರ್ಟರು ನುಣುಪಾದ ಅಲೆ ಕೊಡುವುದಿಲ್ಲ, ಮೆಟ್ಟಿಲು ಕೊಡುತ್ತದೆ. ಅರ್ಧ ಹೊತ್ತು ನೇರ 325 ವೋಲ್ಟ್, ಉಳಿದರ್ಧ ಸೊನ್ನೆ, ಅನಂತರ ಅದೇ ತಿರುವುಮುರುವು. ಬಲ್ಬಿಗೆ ಅರ್ಧ ಹೊತ್ತು 200 ವ್ಯಾಟ್, ಅರ್ಧ ಹೊತ್ತು ಏನೂ ಇಲ್ಲ. ಸರಾಸರಿ ಮತ್ತೆ ನೂರೇ! ಆರ್‌ಎಂಎಸ್ ಕೂಡ 230.

ಅಗ್ಗದ ಮೀಟರ್ ಆದರೆ ವರ್ಗದ ಗೋಜಿಗೇ ಹೋಗುವುದಿಲ್ಲ. ದಿಕ್ಕು ಬಿಟ್ಟು ವೋಲ್ಟೇಜಿನ ಸರಾಸರಿ ತೆಗೆದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಲೈನಿನ ಅಲೆಗೆ ಈ ಉಪಾಯ ಸರಿ: 207 ಗುಣಿಸು 1.11, ಸುಮಾರು 230. ಮೆಟ್ಟಿಲಿಗೆ ಮಾತ್ರ ಸರಾಸರಿ 162.5, ಗುಣಿಸಿದರೆ 180. ಕಾಕಾ ಕಂಡ ಅಂಕಿ ಅದೇ.

ಮರುದಿನ ಆಫೀಸಿನ ಗೆಳೆಯನಿಂದ 'ಟ್ರೂ ಆರ್‌ಎಂಎಸ್' ಎಂದು ಬರೆದಿದ್ದ ಮೀಟರ್ ತಂದು ಹಚ್ಚಿದೆವು. 228. ಕಾಕಾ ಮುಖ ಸಡಿಲವಾಯಿತು. ಆದರೂ ಬಿಡಲಿಲ್ಲ: "ಹಂಗಾರ ಈ 325 ಯಾರಿಗೆ ಬೇಕಪಾ?"

ಬೇಕು ಕಾಕಾ. ಬಿಸಿಗಲ್ಲ, ತಾಳಿಕೆಗೆ. ಮೊಬೈಲ್ ಚಾರ್ಜರಿನೊಳಗಿನ ಕೆಪ್ಯಾಸಿಟರು ತುದಿಯವರೆಗೆ ತುಂಬಿಕೊಳ್ಳುತ್ತದೆ, ಹಾಗಾಗಿ ಅಲ್ಲಿ 250 ವೋಲ್ಟಿನದು ಹಾಕಿದರೆ ಸಿಡಿದೀತು, 400ರದ್ದು ಹಾಕಿರುತ್ತಾರೆ. ತಂತಿಯ ಪ್ಲಾಸ್ಟಿಕ್ ಹೊದಿಕೆ ತಡೆಯಬೇಕಾದ್ದೂ ತುದಿಯನ್ನೇ.

"ಮತ್ತ ಫ್ಯಾನ್ ಯಾಕ ಗುಂಯ್ ಅಂತೈತಿ?" ಅದು ವೋಲ್ಟೇಜು ಕಡಿಮೆಯಾಗಿ ಅಲ್ಲ, ಮೆಟ್ಟಿಲಿನ ಚೂಪು ಅಂಚಿನಿಂದ. ಬಲ್ಬಿಗೆ ಆಕಾರದ ಹಂಗಿಲ್ಲ, ಮೋಟಾರಿಗೆ ಇದೆ.