ಕಾಡಂಚಿನ ಬೆಳೆಹಾನಿಯ ಅಳತೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪರಿಹಾರಕ್ರಮವನ್ನು ಕುರಿತು

ವನ್ಯಪ್ರಾಣಿಗಳಿಂದ ಬೆಳೆಗೆ ಒದಗುವ ಹಾನಿಯ ಪ್ರಸ್ತಾಪ ಬಂದೊಡನೆ ಬಂಡೀಪುರ, ನಾಗರಹೊಳೆಗಳಂತಹ ವಿಶಾಲ ರಕ್ಷಿತಾರಣ್ಯಗಳೂ ಅವುಗಳಂಚಿನ ಆನೆಯ ಹಾವಳಿಯೂ ನೆನಪಿಗೆ ಬರುವುದು ಸಹಜ. ಪರಿಹಾರವೆಂದರೆ ಆನೆಯೊಂದು ಒಂದೇ ರಾತ್ರಿ ತುಳಿದ ಹೊಲಕ್ಕೆ ಮರುದಿನ ಅಧಿಕಾರಿಗಳು ಬಂದು ಬರೆದುಕೊಳ್ಳುವ ಲೆಕ್ಕವೆಂಬ ಭಾವನೆಯೂ ಇದರಿಂದಲೇ ಬೆಳೆದಿದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಸೊರಬದ ಗುಡವಿ ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ ಮುಂತಾದ ಅಭಯಾರಣ್ಯಗಳು ಜಿಲ್ಲೆಯ ಇತರ ಭಾಗಗಳಲ್ಲಿವೆ. ಆದರೂ ಇಲ್ಲಿ ಕಾಡು ಎಲ್ಲೆಡೆ ಇದೆ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ವರದಿ ಬರೆದ ಸೊರಬದ ಕಾನುಗಳು, ಎಂದರೆ ಗದ್ದೆಗಳ ನಡುನಡುವೆ ಉಳಿದ ದಟ್ಟ ಹಸಿರು ಕಾಡುಗಳು, ಕುಗ್ಗಿದ್ದರೂ ಅಳಿದಿಲ್ಲ. ಹೀಗೆ ಹೊಲಕ್ಕೂ ಕಾಡಿಗೂ ನಡುವೆ ಒಂದೇ ಗಡಿಯಿಲ್ಲದೆ ನೂರಾರು ಅಂಚುಗಳಿವೆ. ಅಂತಹ ಅಂಚುಗಳಲ್ಲಿ ಬಾಳುವುದಕ್ಕೆ ಆನೆಗಿಂತ ಕಾಡುಹಂದಿಯೇ ಹೆಚ್ಚು ಸಮರ್ಥ.

ಈ ಭೇದವು ಪರಿಹಾರದ ಲೆಕ್ಕವನ್ನೇ ಬದಲಿಸುತ್ತದೆ. ಆನೆಯ ಹಾನಿ ದೊಡ್ಡದು, ವಿರಳವಾದುದು, ಕಣ್ಣಿಗೆ ಒಡನೆ ಕಾಣುವಂತಹುದು. ಹಂದಿಯ ಹಾನಿಯಾದರೋ ಚಿಕ್ಕದು, ಚದರಿದುದು, ರಾತ್ರಿಯಿಂದ ರಾತ್ರಿಗೆ ಮರುಕಳಿಸುವಂತಹುದು. ಮೊದಲನೆಯದಕ್ಕೆ ಹೊಂದುವ ವಿಧಾನ ಎರಡನೆಯದನ್ನು ಅಳೆಯಲಾರದೆಂಬುದೇ ಜಿಲ್ಲೆಯ ಅಧಿಕಾರಿಗಳು ಗಮನಿಸಬೇಕಾದ ಮುಖ್ಯ ಸಂಗತಿ.

ಇಲ್ಲಿಯ ಮೆಕ್ಕೆಜೋಳವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಂಗಾರಿನಲ್ಲಿ ಬಿತ್ತಿದ ಈ ಬೆಳೆ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಅದಕ್ಕೆ ಅಪಾಯದ ಕಾಲಗಳು ಎರಡು. ಬಿತ್ತಿದ ಮೊದಲ ವಾರಗಳಲ್ಲಿ ಹಂದಿ ಸಾಲುಹಿಡಿದು ಮೂತಿಯಿಂದ ನೆಲವನ್ನು ಕೆದಕಿ ಬೀಜವನ್ನು ತಿನ್ನುತ್ತದೆ. ಈ ನಷ್ಟವನ್ನು ಮರುಬಿತ್ತನೆಯಿಂದ ಸ್ವಲ್ಪಮಟ್ಟಿಗಾದರೂ ತುಂಬಿಕೊಳ್ಳಬಹುದು. ತೆನೆಯಲ್ಲಿ ಹಾಲುಗಾಳು ಕಟ್ಟುವಾಗ ಆಗುವ ನಷ್ಟವನ್ನು ತುಂಬಿಕೊಳ್ಳಲು ದಾರಿಯಿಲ್ಲ. ಆಗ ಹಂದಿ ದಂಟನ್ನು ನೆಲಕ್ಕೆ ಕೆಡವಿ ತೆನೆಯನ್ನು ಅಗಿಯುತ್ತದೆ. ತಿಂದುದಕ್ಕಿಂತ ಕೆಡವಿದುದೇ ಹೆಚ್ಚಾಗಿರುವುದುಂಟು.

ಸರ್ಕಾರದ ಆದೇಶದಲ್ಲಿ ಹೆಸರಿಸಿದ ಪ್ರಾಣಿಗಳಿಂದಾದ ಹಾನಿಗೆ ಮಾತ್ರ ಪರಿಹಾರವಿರುವುದರಿಂದ, ಹಾನಿ ಮಾಡಿದ ಪ್ರಾಣಿ ಯಾವುದೆಂಬ ನಿರ್ಣಯ ಅಗತ್ಯವಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಹೆಜ್ಜೆಗುರುತು ಒಂದು ದಿನವೂ ನಿಲ್ಲದಿರಬಹುದು. ಆದಕಾರಣ ಗಿಡವನ್ನೇ ಸಾಕ್ಷಿಯಾಗಿ ಓದಬೇಕು. ಹಂದಿ ಬಿದ್ದ ಹೊಲದಲ್ಲಿ ದಂಟುಗಳು ಬುಡಸಹಿತ ಒರಗಿ ತುಳಿದಂತಿದ್ದು, ಮಣ್ಣು ಕೆದರಿರುತ್ತದೆ. ಮಂಗವು ನಿಂತ ಗಿಡದಿಂದಲೇ ತೆನೆಯನ್ನು ಮುರಿದು ಮುಸುಕನ್ನು ಸುಲಿದು ಅರ್ಧ ತಿಂದು ಬಿಸಾಡುತ್ತದೆ. ಮುಳ್ಳುಹಂದಿ ಬುಡವನ್ನು ಹಲ್ಲಿನಿಂದ ಕಡಿದ ಗುರುತನ್ನು ಉಳಿಸುತ್ತದೆ. ಗಿಳಿಗಳು ಕುಕ್ಕಿದರೆ ತೆನೆಯ ತುದಿ ಮಾತ್ರ ಹರಿದಿರುತ್ತದೆ. ಬಿರುಗಾಳಿಗೆ ಬಿದ್ದ ಗಿಡಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗುತ್ತವೆ, ಹಂದಿ ಕೆಡವಿದವು ದಿಕ್ಕಾಪಾಲಾಗಿರುತ್ತವೆ.

ಇನ್ನು ಅಳತೆಯ ವಿಷಯ. ಒಂದು ಎಕರೆ, ಎಂದರೆ 40 ಗುಂಟೆ, ಹೊಲವನ್ನು ಕಲ್ಪಿಸಿಕೊಳ್ಳೋಣ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರವಿದ್ದರೆ ಅಲ್ಲಿ ಸುಮಾರು 22,400 ಗಿಡಗಳು, ಗುಂಟೆಗೆ 560 ಗಿಡಗಳು ಇರುತ್ತವೆ. ಮೊದಲ ರಾತ್ರಿ ಹಂದಿಗಳು 560 ಗಿಡಗಳನ್ನು ಕೆಡವಿದವು. ರೈತನು ಅರ್ಜಿ ಕೊಟ್ಟನು, ಸ್ಥಳಪರಿಶೀಲನೆ ನಡೆಯಿತು, ಒಂದು ಗುಂಟೆಯ ಹಾನಿ ದಾಖಲಾಯಿತು. ಮುಂದಿನ ಎರಡು ವಾರಗಳಲ್ಲಿ ಅವು ಮತ್ತೆ ಎರಡು ಸಲ ಬಂದು ಸಲಕ್ಕೆ 1,120 ಗಿಡಗಳನ್ನು ಕೆಡವಿದವು. ಒಟ್ಟು ನಷ್ಟ 2,800 ಗಿಡಗಳು, ಎಂದರೆ ಐದು ಗುಂಟೆ. ಆದರೆ ಕಡತದಲ್ಲಿರುವುದು ಒಂದೇ ಗುಂಟೆ. ಪ್ರತಿ ಸಲವೂ ಹೊಸ ಅರ್ಜಿ ಕೊಡಲು ಕೆಲಸ ಬಿಟ್ಟು ಕಚೇರಿಗೆ ಅಲೆಯಬೇಕಾದಾಗ, ಆ ದಿನದ ಕೂಲಿಯ ನಷ್ಟವೇ ಪರಿಹಾರವನ್ನು ಮೀರೀತೆಂದು ರೈತನು ಸುಮ್ಮನಾಗುತ್ತಾನೆ. ಕೊಯ್ಲಿನ ತರುವಾಯ ಬಿದ್ದ ದಂಟು ದನಗಳ ಮೇವಾಗಿ, ಸಾಕ್ಷ್ಯವೂ ಇಲ್ಲದಾಗುತ್ತದೆ.

2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು ಮಾನವಹಾನಿಯ ಪರಿಹಾರವನ್ನು ಏಳೂವರೆ ಲಕ್ಷದಿಂದ ಹದಿನೈದು ಲಕ್ಷ ರೂಪಾಯಿಗೆ ಏರಿಸಿ, ಬೆಳೆಹಾನಿಯ ದರವನ್ನೂ ಇಮ್ಮಡಿಗೊಳಿಸಿತು. ಇದು ಸ್ವಾಗತಾರ್ಹವೇ. ಆದರೆ ಮೇಲಿನ ಹೊಲದಲ್ಲಿ ಇದರ ಫಲವೇನು? ಹಳೆಯ ದರದಲ್ಲಿ ಗುಂಟೆಗೆ ಒಂದು ಪಾಲು ಎಂದಿಟ್ಟುಕೊಂಡರೆ, ಪೂರ್ಣವಾಗಿ ಅಳೆದ ಐದು ಗುಂಟೆಗೆ ಐದು ಪಾಲು ಸಲ್ಲುತ್ತಿತ್ತು. ಹೊಸ ದರದಲ್ಲಿ ಮೊದಲ ಭೇಟಿಯಲ್ಲಿ ಅಳೆದ ಒಂದು ಗುಂಟೆಗೆ ಎರಡೇ ಪಾಲು ಸಲ್ಲುತ್ತದೆ. ದರವನ್ನು ಏರಿಸುವುದರಿಂದ ಅಳತೆಯ ಕೊರತೆ ನೀಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಳೆವಿಮೆಯಲ್ಲಿಯೂ ಇದೇ ತೊಡಕು ತಲೆದೋರಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿಗಳ ದಾಳಿಯನ್ನು 2026ರ ಮುಂಗಾರಿನಿಂದ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರಿನಲ್ಲಿ ಪ್ರಕಟಿಸಿತು. ಪ್ರಾಣಿಗಳ ಪಟ್ಟಿಯನ್ನು ರಾಜ್ಯಗಳು ಅಧಿಸೂಚಿಸಬೇಕು, ರೈತನು ಹಾನಿಯನ್ನು 72 ಗಂಟೆಗಳೊಳಗೆ ಮೊಬೈಲ್ ಮೂಲಕ ಚಿತ್ರಸಹಿತ ತಿಳಿಸಬೇಕು. ಒಂದೇ ರಾತ್ರಿಯ ಹಾನಿಗೆ ಈ ನಿಯಮ ಸರಿಹೊಂದುತ್ತದೆ. ಮೂರು ಕಂತುಗಳಲ್ಲಿ ಬಂದ ಹಾನಿಯಲ್ಲಿ ಯಾವ ರಾತ್ರಿಯಿಂದ 72 ಗಂಟೆಗಳನ್ನು ಎಣಿಸಬೇಕು?

ಹೀಗಿರುವಲ್ಲಿ ಜಿಲ್ಲಾಡಳಿತಕ್ಕೆ ಮೂರು ಕ್ರಮಗಳನ್ನು ಸೂಚಿಸಬಹುದು. ಮೊದಲನೆಯದು, ಒಂದು ಹೊಲಕ್ಕೆ ಒಂದು ಹಂಗಾಮಿನಲ್ಲಿ ಒಂದೇ ಕಡತ. ಮೊದಲ ಅರ್ಜಿಯ ತರುವಾಯದ ಹಾನಿಗಳನ್ನು ದಿನಾಂಕಸಹಿತ ಅದಕ್ಕೇ ಸೇರಿಸಿ, ಕೊಯ್ಲಿಗೆ ಮುನ್ನ ಎರಡನೆಯ ಪರಿಶೀಲನೆಯಲ್ಲಿ ಲೆಕ್ಕವನ್ನು ಮುಗಿಸಬೇಕು. ಎರಡನೆಯದು, ಕಣ್ಣಂದಾಜಿಗೆ ಬದಲಾಗಿ ಗಿಡಗಳ ಎಣಿಕೆ. ಹೊಲದ ಅಂಚಿನಲ್ಲಿಯೂ ನಡುವಿನಲ್ಲಿಯೂ ಪ್ರತಿ ಹತ್ತನೆಯ ಸಾಲನ್ನು ಎಣಿಸಿ, ಬಿದ್ದ ಗಿಡಗಳ ಪ್ರಮಾಣವನ್ನು ಗುಂಟೆಗೆ ಪರಿವರ್ತಿಸಬೇಕು. ಈ ಎಣಿಕೆಯನ್ನು ಅರಣ್ಯ ಮತ್ತು ಕಂದಾಯ ಸಿಬ್ಬಂದಿಯವರು ರೈತನ ಸಮ್ಮುಖದಲ್ಲಿ ಮಾಡಿದರೆ ಉಬ್ಬಿಸಿದ ಬೇಡಿಕೆಗೂ ಕುಗ್ಗಿಸಿದ ವರದಿಗೂ ಎಡೆಯಿರದು. ಮೂರನೆಯದು, ಉಳುವವನನ್ನು ಗುರುತಿಸುವುದು. ಪಹಣಿಯಲ್ಲಿ ಹೆಸರಿಲ್ಲದ ಬಗರ್‌ಹುಕುಂ ಸಾಗುವಳಿದಾರನೂ, ಶುಂಠಿಗಾಗಿ ಭೂಮಿಯನ್ನು ಗುತ್ತಿಗೆಗೆ ಪಡೆದವನೂ ನಷ್ಟವನ್ನು ಅನುಭವಿಸುತ್ತಾರೆ, ಪರಿಹಾರಕ್ಕೆ ದಾಖಲೆ ಒದಗಿಸಲಾರರು. ಪರಿಹಾರದ ಪಾವತಿಯು ಭೂಮಿಯ ಹಕ್ಕನ್ನು ಸ್ಥಾಪಿಸುವುದಿಲ್ಲವೆಂಬ ಸ್ಪಷ್ಟ ಷರತ್ತಿನೊಡನೆ, ಸಾಗುವಳಿಯ ಸ್ಥಳೀಯ ದೃಢೀಕರಣವನ್ನು ಒಪ್ಪಬಹುದೇ ಎಂಬುದನ್ನು ಸರ್ಕಾರದ ಮುಂದಿಡಬೇಕು.

ಈ ಕ್ರಮಗಳಿಗೂ ಮಿತಿಯುಂಟು. ಇವು ಹಂದಿಯನ್ನು ಹೊಲದಿಂದ ದೂರವಿಡುವುದಿಲ್ಲ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು ಕುಳಿತವನ ನಿದ್ದೆಗೆ ಇವುಗಳಲ್ಲಿ ಬೆಲೆಯಿಲ್ಲ. ಎರಡನೆಯ ಪರಿಶೀಲನೆಗೆ ಸಿಬ್ಬಂದಿಯ ಸಮಯವೂ ಬೇಕು. ಆದರೆ ನಂಬಿಕೆಯಿಲ್ಲದ ಪರಿಹಾರದ ಬೆಲೆಯನ್ನು ಬೇರೆಡೆ ತೆರಬೇಕಾಗುತ್ತದೆ. ಅರ್ಜಿಯಿಂದ ಪ್ರಯೋಜನವಿಲ್ಲವೆಂದು ಬೇಸತ್ತವನು ಉರುಳನ್ನೋ ಸಿಡಿಮದ್ದನ್ನೋ ವಿದ್ಯುತ್ತು ಹರಿಸಿದ ಬೇಲಿಯನ್ನೋ ಆಶ್ರಯಿಸುವ ಅಪಾಯವಿದೆ. ಆ ತಂತಿಗೆ ಹಂದಿಯೂ ಒಂದೇ, ಆನೆಯೂ ಒಂದೇ, ಕತ್ತಲಲ್ಲಿ ಹಾದು ಹೋಗುವ ನೆರೆಮನೆಯವನೂ ಒಂದೇ.