ಅಪ್ಪಣೆಯೋ, ತೀರ್ಪೋ?

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ವಾಹನಗಳು ಒಂದೇ ದಿಕ್ಕಿನಲ್ಲಿ ಸಾಗತಕ್ಕದ್ದೆಂದು ಅಧಿಕಾರಿಗಳು ಅಪ್ಪಣೆಮಾಡುವರೆಂದು ಭಾವಿಸೋಣ. ಅದಕ್ಕೆ ಮೊದಲು ಆ ಬೀದಿಯ ಗೃಹಸ್ಥರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಬೇಕಾದ ಹೊಣೆ ಸಾಮಾನ್ಯವಾಗಿ ಅವರಿಗಿಲ್ಲ. ಆದರೆ ಅದೇ ಬೀದಿಯ ಒಂದು ಮನೆಯ ಮಹಡಿಯನ್ನು ಕಾನೂನಿಗೆ ವಿರುದ್ಧವಾದುದೆಂದು ಕೆಡವಬೇಕಾದರೆ, ಯಜಮಾನನಿಗೆ ನೋಟೀಸು ಕೊಡಬೇಕು. ಅವನ ಸಮಜಾಯಿಷಿಯನ್ನು ಕೇಳಬೇಕು. ಕಾರಣಗಳನ್ನು ಬರೆದು ತೀರ್ಮಾನಿಸಬೇಕು. ಎರಡನ್ನೂ ಮಾಡುವವರು ಅಧಿಕಾರಿಗಳೇ. ಮೊದಲನೆಯದು ಆಡಳಿತದ ಕಾರ್ಯ. ಎರಡನೆಯದು ಅರೆನ್ಯಾಯಿಕ ಕಾರ್ಯ. ಅಧಿಕಾರಿಯು ನ್ಯಾಯಾಧೀಶನಲ್ಲದಿದ್ದರೂ, ಒಬ್ಬನ ಹಕ್ಕನ್ನು ಕುರಿತು ಸಾಕ್ಷ್ಯವನ್ನು ತೂಗಿ ನಿರ್ಣಯಿಸಬೇಕಾದಾಗ ಅವನು ಅಷ್ಟರಮಟ್ಟಿಗೆ ನ್ಯಾಯಾಧೀಶನಂತೆಯೇ ನಡೆಯಬೇಕೆಂಬುದು ಈ ಹೆಸರಿನ ಅರ್ಥ.

ಹೆಸರು ಬದಲಾದೊಡನೆ ಕರ್ತವ್ಯವೂ ಹೇಗೆ ಬದಲಾಗುವುದೆಂಬುದನ್ನು ನಮ್ಮ ವಿಧಾನಸಭೆಯಲ್ಲಿ ನಡೆದ ಒಂದು ಪ್ರಸಂಗದಿಂದ ಚೆನ್ನಾಗಿ ತಿಳಿಯಬಹುದು. ಸಭಾಧ್ಯಕ್ಷರು ಯಾರಿಗೆ ಮಾತನಾಡಲು ಅವಕಾಶ ಕೊಡಬೇಕು, ಸಭೆಯನ್ನು ಎಷ್ಟು ಹೊತ್ತಿಗೆ ಮುಂದೂಡಬೇಕು ಎಂಬುದನ್ನು ನಿರ್ಧರಿಸುವಾಗ ನೋಟೀಸು ಕೊಡಬೇಕಾಗಿಲ್ಲ. ಆದರೆ ಪಕ್ಷಾಂತರದ ಆರೋಪದ ಮೇಲೆ ಒಬ್ಬ ಸದಸ್ಯನನ್ನು ಅನರ್ಹನೆಂದು ಸಾರುವಾಗ, ಆ ಪೀಠವೇ ಒಂದು ನ್ಯಾಯಮಂಡಲಿಯಾಗುವುದೆಂದು ಕಿಹೋಟೋ ಹೊಲ್ಲೋಹಾನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಹೇಳಿತು.

2010ರ ಅಕ್ಟೋಬರ್ 6ರಂದು ಆಡಳಿತಪಕ್ಷದ 13 ಮಂದಿ ಶಾಸಕರು, ಮುಖ್ಯಮಂತ್ರಿ ಯಡಿಯೂರಪ್ಪನವರ ಸರ್ಕಾರಕ್ಕೆ ತಮ್ಮ ಬೆಂಬಲವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಅವರನ್ನು ಅನರ್ಹಗೊಳಿಸಬೇಕೆಂದು ಸಭಾಧ್ಯಕ್ಷ ಕೆ.ಜಿ. ಬೋಪಯ್ಯನವರಿಗೆ ಮುಖ್ಯಮಂತ್ರಿಗಳ ಅರ್ಜಿ ಬಂದಿತು. ಮರುದಿನವೇ ನೋಟೀಸುಗಳು ಹೊರಟವು. ಉತ್ತರ ಕೊಡಲು ನಿಯಮಗಳಲ್ಲಿ ಹೇಳಿದ್ದುದು ಏಳು ದಿನ. ನೋಟೀಸಿನಲ್ಲಿ ಕೊಟ್ಟುದು 10ನೆಯ ತಾರೀಖಿನ ಸಂಜೆಯವರೆಗೆ ಮಾತ್ರ. ಇಬ್ಬರು ತಮ್ಮ ಪತ್ರವನ್ನು ಹಿಂದೆಗೆದುಕೊಂಡರು. ಉಳಿದ 11 ಮಂದಿ 10ರಂದೇ ಅನರ್ಹರಾದರು. ಮರುದಿನ, ಅಂದರೆ 11ರಂದು, ವಿಶ್ವಾಸಮತ ನಡೆಯಿತು, ಅವರಿಗೆ ಮತವಿರಲಿಲ್ಲ.

ಶಾಸಕರ ವಾದ ಸರಳವಾಗಿದ್ದಿತು: ಮುಖ್ಯಮಂತ್ರಿಯಲ್ಲಿ ನಂಬಿಕೆಯಿಲ್ಲವೆಂದರೆ ಪಕ್ಷವನ್ನೇ ಬಿಟ್ಟಂತಾಯಿತೇ? ಇದು ವಿಚಾರಣೆಗೆ ಅರ್ಹವಾದ ಪ್ರಶ್ನೆ. ಆದರೆ ಪಕ್ಷದ ರಾಜ್ಯಾಧ್ಯಕ್ಷರು ಸಲ್ಲಿಸಿದ ಪ್ರಮಾಣಪತ್ರವನ್ನು ಸಭಾಧ್ಯಕ್ಷರು ಆಧಾರವಾಗಿ ತೆಗೆದುಕೊಂಡಾಗ, ಅದಕ್ಕೆ ಉತ್ತರ ಹೇಳುವ ತಕ್ಕ ಅವಕಾಶ ಶಾಸಕರಿಗೆ ದೊರೆಯಲಿಲ್ಲ. ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ರದ್ದುಗೊಳಿಸಿತು. ಆ ಅವಸರವೂ, ಎದುರಾಳಿಯ ಸಾಕ್ಷ್ಯಕ್ಕೆ ಉತ್ತರ ಕೊಡಲು ಎಡೆಯಿಲ್ಲದಂತಾದುದೂ ಆಜ್ಞೆಯನ್ನು ಉರುಳಿಸಿದವು. ಸಭೆಯನ್ನು ಮುಂದೂಡುವ ಅಪ್ಪಣೆಯಾಗಿದ್ದಿದ್ದರೆ ಇವುಗಳಲ್ಲಿ ಒಂದು ಆಕ್ಷೇಪಣೆಯೂ ನಿಲ್ಲುತ್ತಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಏಳು ದಿನವೆಂಬ ಲೆಕ್ಕವೇ ನ್ಯಾಯವೆಂದು ತಿಳಿಯಬಾರದು. 2019ರಲ್ಲಿ ಇದೇ ವಿಧಾನಸಭೆಯ 17 ಮಂದಿ ಸದಸ್ಯರು ಅನರ್ಹರಾದಾಗಲೂ ನೋಟೀಸಿನ ಅವಧಿ ಸಾಲದೆಂಬ ದೂರು ಬಂದಿತು. ಮೂರು ದಿನಗಳ ಅವಧಿಯೆಂಬ ಒಂದೇ ಕಾರಣದಿಂದ ಆಜ್ಞೆಯು ಕೆಡುವುದಿಲ್ಲವೆಂದು ಹೇಳಿ, ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಅದು ಸಭೆಯ ಅವಧಿ ಮುಗಿಯುವವರೆಗೂ ಇರತಕ್ಕದ್ದೆಂಬ ಭಾಗವನ್ನು ತೆಗೆದುಹಾಕಿತು. ಉತ್ತರ ಹೇಳಲು ನಿಜವಾದ ಅವಕಾಶ ದೊರೆಯಿತೇ ಎಂಬುದೇ ಮುಖ್ಯ ಪ್ರಶ್ನೆ.

ಹೆಸರಿನ ಬಲವೂ ಮೊದಲಿನಷ್ಟು ಇಂದು ಉಳಿದಿಲ್ಲ. ಹಿಂದೆ "ಇದು ಆಡಳಿತದ ಕಾರ್ಯ" ಎಂದು ಹೇಳಿದರೆ ಸಾಕು, ವಿಚಾರಣೆಯ ಮಾತೇ ಇಲ್ಲದಂತಾಗುತ್ತಿದ್ದಿತು. 1969ರಲ್ಲಿ ಕ್ರೈಪಾಕ್ ಮೊಕದ್ದಮೆ ಈ ಗೋಡೆಯನ್ನು ತೆಳುವಾಗಿಸಿತು. ಅಲ್ಲಿ ಅರಣ್ಯ ಇಲಾಖೆಯ ನೇಮಕಕ್ಕೆ ಅಭ್ಯರ್ಥಿಯಾಗಿದ್ದವರೊಬ್ಬರು ಆಯ್ಕೆಯ ಮಂಡಲಿಯಲ್ಲಿಯೂ ಕುಳಿತಿದ್ದರು. ಆಯ್ಕೆಯು ಆಡಳಿತದ ಕಾರ್ಯವೇ ಆಗಿದ್ದರೂ, ತನ್ನ ವ್ಯವಹಾರದಲ್ಲಿ ತಾನೇ ನ್ಯಾಯಾಧೀಶನಾಗಬಾರದೆಂಬ ನಿಯಮವು ಅದಕ್ಕೂ ಸಲ್ಲುವುದೆಂದು ನ್ಯಾಯಾಲಯವು ತೀರ್ಮಾನಿಸಿತು. ಈಗ ಹೆಸರು ಬಹುಮಟ್ಟಿಗೆ ನಿರ್ಣಯಿಸುವುದು ನ್ಯಾಯವಾಗಿ ನಡೆಯಬೇಕೇ ಬೇಡವೇ ಎಂಬುದನ್ನಲ್ಲ. ಎಷ್ಟು ವಿಧಿಪೂರ್ವಕವಾಗಿ ನಡೆಯಬೇಕೆಂಬುದನ್ನು.

ಆದುದರಿಂದ ಕಚೇರಿಯಿಂದ ಒಂದು ಆಜ್ಞೆ ಮನೆಗೆ ಬಂದಾಗ, ಅದರ ತಲೆಬರಹಕ್ಕಿಂತ ಮೊದಲು ನೋಡತಕ್ಕವು ಮೂರು: ಇದು ಊರಿಗೆಲ್ಲ ಅನ್ವಯಿಸುವುದೋ, ನನ್ನೊಬ್ಬನ ಹಕ್ಕನ್ನು ಮುಟ್ಟುವುದೋ? ಯಾವುದೋ ಸಂಗತಿ ನಿಜವೇ ಎಂದು ನಿರ್ಣಯಿಸಿ ಇದನ್ನು ಬರೆದರೋ? ಆ ನಿರ್ಣಯಕ್ಕೆ ಆಧಾರವಾದ ಕಾಗದಪತ್ರಗಳನ್ನು ನನಗೆ ತೋರಿಸಿದರೋ? ಹಕ್ಕು ನಮ್ಮದು, ಸಂಗತಿಯ ನಿರ್ಣಯವೂ ನಡೆದಿದೆ, ಕಾಗದವನ್ನು ಮಾತ್ರ ತೋರಿಸಿಲ್ಲ ಎಂದಾದರೆ, ಆ ಕಾಗದಪತ್ರಗಳ ನಕಲನ್ನು ಬರವಣಿಗೆಯಲ್ಲಿ ಕೇಳುವುದೇ ಮೊದಲ ಹೆಜ್ಜೆ.